ಲೇಬಲ್ ಓದಿ, ಆಮೇಲೆ ಕಾರ್ಪೆಟ್ ಮಗುಚಿ ನೋಡಿ

ಒಂದು ಭಾನುವಾರ ಬೆಳಿಗ್ಗೆ ಅತ್ತಿಗೆ ಒಂದು ಫೋಟೋ ಕಳಿಸಿದರು. ಕಾರ್ಪೆಟ್‌ನ ಹಿಂಬದಿಗೆ ಹೊಲಿದಿದ್ದ ಸಣ್ಣ ಬಿಳಿ ಲೇಬಲ್. ಕೆಳಗೆ ಒಂದು ಸಾಲು: "ಇದು ಕೈಯಲ್ಲೇ ಗಂಟು ಹಾಕಿ ಮಾಡಿದ್ದಂತೆ. ತೊಳೆಯೋಕೆ ಕೊಡ್ತಿದ್ದೀನಿ. ನೀರಲ್ಲಿ ನೆನೆಸಬಹುದಾ ಅಂತ ಅವರು ಕೇಳ್ತಿದ್ದಾರೆ. ಏನು ಹೇಳ್ಲಿ?"

ನೀರಲ್ಲಿ ನೆನೆಸಬಹುದಾ ಅನ್ನುವುದಕ್ಕೆ ಉತ್ತರ ಸಿಗಬೇಕಾದರೆ ಮೂರು ವಿಷಯ ಗೊತ್ತಾಗಬೇಕು. ಅದು ಯಾವ ನೂಲು? ಯಾರು ಮಾಡಿದ್ದು? ಹೇಗೆ ಮಾಡಿದ್ದು? ಮೊದಲನೆಯದಕ್ಕೆ ಲೇಬಲ್ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಲೇಬಲ್ ನಂಬಿ ಕೂತರೆ ಮೋಸ ಹೋಗುವುದೇ ಜಾಸ್ತಿ. ಅದಕ್ಕೆ ಕಾರ್ಪೆಟ್ಟನ್ನು ಮಗುಚಲೇಬೇಕು.

ಅತ್ತಿಗೆ ಕಳಿಸಿದ ಲೇಬಲ್‌ನಲ್ಲಿ ಇದ್ದದ್ದು ಇಷ್ಟು. ಸಂಖ್ಯೆಗಳನ್ನು ಮಾತ್ರ ಇಲ್ಲಿ ಮರೆಮಾಡಿದ್ದೇನೆ.

```
PILE: 100% WOOL
EXCLUSIVE OF BACKING
HANDMADE IN INDIA
SIZE 5' x 8'
STYLE xx-xxx
RN xxxxx
```

ಆರೇ ಸಾಲು. ಆದರೆ ಒಂದೊಂದು ಸಾಲಿಗೂ ಅದರದೇ ಮಿತಿ ಇದೆ. ನಿಧಾನವಾಗಿ ನೋಡೋಣ.

ನೂರಕ್ಕೆ ನೂರು ಉಣ್ಣೆ, ಆದರೆ ಯಾವುದರಲ್ಲಿ?

ಮೊದಲ ಸಾಲಿನಲ್ಲಿರುವ 'ಪೈಲ್' ಅಂದರೆ ಕಾಲಿಗೆ ಮೆತ್ತಗೆ ತಾಗುವ, ನಿಂತಿರುವ ನೂಲು. ಶೇಕಡಾ 100 ಉಣ್ಣೆ ಅನ್ನುವ ಮಾತು ಆ ನೂಲಿಗೆ ಮಾತ್ರ. ಎರಡನೇ ಸಾಲು ಅದನ್ನೇ ಬಿಡಿಸಿ ಹೇಳುತ್ತದೆ: ಹಿಂಬದಿ ಈ ಲೆಕ್ಕಕ್ಕೆ ಸೇರಿಲ್ಲ. ಇದು ಕಂಪನಿಯ ಕಳ್ಳಾಟವಲ್ಲ, ನಿಯಮವೇ ಹಾಗಿದೆ. ಅಮೆರಿಕದ ಜವಳಿ ಲೇಬಲ್ ಕಾನೂನು ಕಾರ್ಪೆಟ್‌ನ ಹಿಂಬದಿಯನ್ನೂ ಅದರ ಕೆಳಗೆ ಹಾಕುವ ಮೆತ್ತೆಯನ್ನೂ ನೂಲಿನ ಲೆಕ್ಕದಿಂದ ಹೊರಗಿಟ್ಟಿದೆ. ಯುರೋಪಿನ ನಿಯಮವೂ ಕಾರ್ಪೆಟ್ ವಿಷಯದಲ್ಲಿ ತುಳಿಯುವ ಮೇಲ್ಭಾಗದ ನೂಲನ್ನಷ್ಟೇ ಹೇಳಿದರೆ ಸಾಕು ಅನ್ನುತ್ತದೆ. ಹಾಗಾಗಿ ಮೇಲೆ ಅಪ್ಪಟ ಉಣ್ಣೆ ಇದ್ದು, ಕೆಳಗೆ ಹತ್ತಿ ಬಟ್ಟೆ, ಅಂಟು, ಪ್ಲಾಸ್ಟಿಕ್ ಜಾಲರಿ ಇದ್ದರೂ ಲೇಬಲ್ ಸುಳ್ಳಾಗುವುದಿಲ್ಲ.

ಇನ್ನೊಂದು ವಿಷಯ. ಲೇಬಲ್‌ನಲ್ಲಿ ನೂಲಿನ ಹೆಸರು ಯಾವಾಗಲೂ ಪೂರ್ತಿ ಇರುವುದಿಲ್ಲ. ಕೆಲವು ಮಾಲಿನ ಮೇಲೆ ಬರೀ ಎರಡು ಮೂರು ಅಕ್ಷರದ ಸಂಕೇತ ಇರುತ್ತದೆ. ಫೋಟೋ ನೋಡುವಾಗ ಇವು ಗೊತ್ತಿದ್ದರೆ ಸಾಕಾಗುತ್ತದೆ:

```
WO   ಉಣ್ಣೆ
SE   ರೇಷ್ಮೆ
CO   ಹತ್ತಿ
JU   ಸೆಣಬು
CV   ವಿಸ್ಕೋಸ್
PA   ನೈಲಾನ್
PES  ಪಾಲಿಯೆಸ್ಟರ್
PP   ಪಾಲಿಪ್ರೊಪಿಲೀನ್
```

ಅಮೆರಿಕದ ಲೇಬಲ್‌ನಲ್ಲಿ 'ಓಲೆಫಿನ್' ಅಂತ ಇದ್ದರೆ, ಕಾರ್ಪೆಟ್ ಮಟ್ಟಿಗೆ ಅದು ಹೆಚ್ಚುಕಡಿಮೆ ಯಾವಾಗಲೂ ಪಾಲಿಪ್ರೊಪಿಲೀನೇ. ತುಂಬಾ ಜನ ಎಡವುವುದು ರೇಷ್ಮೆ ಅನ್ನುವ ಪದದಲ್ಲಿ. 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಅಂತ ಬರೆದಿದ್ದರೆ ಅದು ರೇಷ್ಮೆ ಹುಳುವಿನ ನೂಲಲ್ಲ. ಹೆಚ್ಚಾಗಿ ಮರದ ಅಥವಾ ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸ್ ಜಾತಿಯ ನೂಲು. ನೋಡೋಕೆ ರೇಷ್ಮೆಯ ಹಾಗೇ ಮಿರಿಮಿರಿ ಮಿಂಚುತ್ತದೆ. ಆದರೆ ಒದ್ದೆಯಾದರೆ ಅದರ ಬಲವೇ ಹೋಗುತ್ತದೆ. ಬರೀ ನೀರು ಚೆಲ್ಲಿದರೂ ಹಳದಿ ಕಲೆ ಉಳಿಯಬಹುದು. ತೊಳೆಯುವವರಿಗೆ ಈ ಒಂದು ಪದ ಹೇಳದೆ ಬಿಟ್ಟರೆ ಕಾರ್ಪೆಟ್ ಕೆಟ್ಟಂತೆಯೇ.

ಲೇಬಲ್ ಹರಿದುಹೋಗಿದ್ದರೆ, ಅಥವಾ ಅದರ ಮೇಲೆ ನಂಬಿಕೆ ಬಾರದಿದ್ದರೆ, ಮೂಲೆಯಿಂದ ನಾಲ್ಕೈದು ಎಳೆ ಕಿತ್ತು ನೋಡಬಹುದು. ಮೊದಲು ನೀರು. ಒಂದು ಲೋಟ ನೀರಿಗೆ ಒಂದೇ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಎಳೆಯನ್ನು ಬೆರಳಲ್ಲಿ ಹಿಚುಕಿ ಅದರೊಳಗಿನ ಗಾಳಿ ಬಿಡಿಸಿ, ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್ ಮತ್ತೆ ಮೇಲೆ ಬಂದು ತೇಲುತ್ತದೆ. ಅದು ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.91. ಉಣ್ಣೆ, ಹತ್ತಿ, ರೇಷ್ಮೆ, ಪಾಲಿಯೆಸ್ಟರ್, ನೈಲಾನ್ ಎಲ್ಲವೂ ನೀರಿಗಿಂತ ಭಾರ, ಮುಳುಗುತ್ತವೆ. ಸೋಪು ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಣ್ಣೆಯಂಶ ಇರುವ ಉಣ್ಣೆಯೂ ಗಾಳಿ ಹಿಡಿದುಕೊಂಡು ತೇಲಿ ದಾರಿ ತಪ್ಪಿಸುತ್ತದೆ.

ಆಮೇಲೆ ಬೆಂಕಿ. ಕಾರ್ಪೆಟ್‌ನಿಂದ ದೂರ, ಸಿಂಕಿನಲ್ಲಿ, ಚಿಮಟದಲ್ಲಿ ಹಿಡಿದು ಮಾಡಿ. ಉಣ್ಣೆಯೂ ರೇಷ್ಮೆಯೂ ಸುಟ್ಟ ಕೂದಲಿನ ವಾಸನೆ ಕೊಡುತ್ತವೆ, ಬೆಂಕಿ ದೂರ ಮಾಡಿದರೆ ಆರುತ್ತವೆ, ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಹತ್ತಿ, ಸೆಣಬು, ವಿಸ್ಕೋಸ್, ತೆಂಗಿನ ನಾರು ಸುಟ್ಟ ಕಾಗದದ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತವೆ. ಪ್ಲಾಸ್ಟಿಕ್ ನೂಲುಗಳು ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತವೆ. 'ರೇಷ್ಮೆ' ಅಂತ ಕೊಟ್ಟದ್ದು ಕಾಗದದ ವಾಸನೆ ಬಂದರೆ ಅದು ರೇಷ್ಮೆಯಲ್ಲ, ಹೆಚ್ಚಾಗಿ ವಿಸ್ಕೋಸ್. ಈ ಪರೀಕ್ಷೆಗೂ ಒಂದು ಮಿತಿ ಇದೆ. ಉಣ್ಣೆಗೆ ಪ್ಲಾಸ್ಟಿಕ್ ನೂಲು ಬೆರೆಸಿ ಹೊಸೆದಿದ್ದರೆ ಎರಡೂ ಗುಣ ಕಲಸಿ ಬರುತ್ತದೆ. ಶೇಕಡಾ ಎಷ್ಟು ಅನ್ನುವುದು ಮನೆಯಲ್ಲಿ ಗೊತ್ತಾಗುವುದಿಲ್ಲ.

ಸಂಖ್ಯೆ ಯಾರನ್ನು ತೋರಿಸುತ್ತದೆ

ಕೊನೆಯ ಸಾಲಿನ ಆರ್‌ಎನ್ ಸಂಖ್ಯೆ ಕಂಡರೆ ಎಲ್ಲರೂ ಅದನ್ನು ತಯಾರಕರ ಸಂಖ್ಯೆ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಇದನ್ನು ಕೊಡುವುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್. ಅಮೆರಿಕದಲ್ಲೇ ಇರುವ ಕಂಪನಿಗಳಿಗೆ ಮಾತ್ರ ಕೊಡುತ್ತದೆ. ತಯಾರಿಸುವವರು, ಆಮದು ಮಾಡುವವರು, ಹಂಚುವವರು, ಮಾರುವವರು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹಾಗಾದರೆ ಭಾರತದಲ್ಲಿ ಮಾಡಿದ ಕಾರ್ಪೆಟ್ ಮೇಲೆ ಆರ್‌ಎನ್ ಇದ್ದರೆ ಅದರ ಅರ್ಥ ಏನು? ಅಲ್ಲಿಗೆ ತರಿಸಿಕೊಂಡ ಅಥವಾ ಮಾರಿದ ಕಂಪನಿ ಇದು ಅಂತ. ನೇಯ್ದ ಕೈಗೂ ಆ ಸಂಖ್ಯೆಗೂ ಸಂಬಂಧ ಇಲ್ಲ.

ಆದರೂ ಅದು ಉಪಯೋಗಕ್ಕೆ ಬರುತ್ತದೆ. `rn.ftc.gov` ತೆರೆದು ಸಂಖ್ಯೆ ಹಾಕಿದರೆ ಕಂಪನಿಯ ಹೆಸರು ಸಿಗುತ್ತದೆ. ಬಂದ ಹೆಸರು ಕಾರ್ಪೆಟ್‌ಗೆ ಸಂಬಂಧವೇ ಇಲ್ಲದ, ಬರೀ ಉಡುಪಿನ ಕಂಪನಿಯದ್ದಾದರೆ ಒಂದು ಅಂಕಿ ತಪ್ಪು ಓದಿದ್ದೀರಿ ಅಂತಲೇ ಮೊದಲು ಅನುಮಾನಿಸಿ. ನೇಯ್ದ ಲೇಬಲ್‌ಗಳಲ್ಲಿ 3, 8 ಮತ್ತು 6 ಒಂದೇ ಥರ ಕಾಣುತ್ತವೆ, 1 ಮತ್ತು 7 ಕೂಡ. ಎರಡನ್ನೂ ಹಾಕಿ ನೋಡಿ. ಹಳೆಯ ಕಂಪನಿಗಳು ವಿಳಾಸ ಬದಲಿಸಿ, ಕೈ ಬದಲಿಸಿ, ಅಲ್ಲಿ ತಿಳಿಸದೇ ಇರುವುದೂ ಉಂಟು. ಆದ್ದರಿಂದ ಸಿಕ್ಕ ವಿಳಾಸವನ್ನು ಪೂರ್ತಿ ನಂಬಬೇಡಿ. ಕೆನಡಾಕ್ಕೆ ಹೋದ ಮಾಲಿನ ಮೇಲೆ 'ಸಿಎ' ಅಂತ ಶುರುವಾಗುವ ಐದು ಅಂಕಿಯ ಸಂಖ್ಯೆ ಇರುತ್ತದೆ. ಅದೂ ಇದೇ ಥರದ್ದು.

ಬಾರ್‌ಕೋಡ್ ವಿಷಯದಲ್ಲೂ ಇದೇ ಗೊಂದಲ. 890 ಅಂತ ಶುರುವಾದರೆ ಭಾರತದಲ್ಲಿ ತಯಾರಾದದ್ದು ಅಂತ ತುಂಬಾ ಜನ ಹೇಳುತ್ತಾರೆ. ಆ ಸಂಖ್ಯೆಯನ್ನು ಆ ಕಂಪನಿ ಭಾರತದ ಜಿಎಸ್1 ಸಂಸ್ಥೆಯಲ್ಲಿ ಪಡೆದಿದೆ ಅಂತ ಮಾತ್ರ ಅದರ ಅರ್ಥ. ಮಾಲು ಎಲ್ಲಿಂದ ಬೇಕಾದರೂ ಬಂದಿರಬಹುದು.

ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ಕೆಲಸಕ್ಕೆ ಬರುವುದು ಯಾರೂ ಗಮನಿಸದ ಆ ಸ್ಟೈಲ್ ಸಂಖ್ಯೆ. ಕಂಪನಿಯ ಹೆಸರು ಸಿಕ್ಕ ಮೇಲೆ, ಹೆಸರು ಮತ್ತು ಸ್ಟೈಲ್ ಸಂಖ್ಯೆ ಎರಡನ್ನೂ ಒಟ್ಟಿಗೆ ಹುಡುಕಿ. ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಹಳೆಯ ಕ್ಯಾಟಲಾಗ್ ಪುಟ ಒಂದು ಸಿಕ್ಕರೆ ಅದರಲ್ಲಿ `Construction` ಅನ್ನುವ ಸಾಲು ಇರುತ್ತದೆ. ಲೇಬಲ್ ಹೇಳದೇ ಬಿಟ್ಟದ್ದನ್ನು ಕ್ಯಾಟಲಾಗ್ ಹೇಳಿಬಿಡುತ್ತದೆ. `Hand-knotted` ಅಂದರೆ ಕೈಗಂಟು. `Hand-tufted` ಅಂದರೆ ಬೇರೆಯೇ ಕಥೆ, ಅದಕ್ಕೆ ಈಗ ಬರುತ್ತೇನೆ. `Power-loomed` ಅಥವಾ `Machine-made` ಅಂದರೆ ಯಂತ್ರದ್ದು.

ಹೆಸರಿನ ಬಗ್ಗೆ ಇನ್ನೊಂದೇ ಮಾತು. ಲೇಬಲ್‌ನಲ್ಲಿ ಕಾಶಾನ್, ತಬ್ರೀಜ್, ಬೊಖಾರಾ ಅಂತ ಊರಿನ ಹೆಸರು ಕಂಡರೆ ಅದು ಆ ಊರಿನದ್ದೇ ಅಂದುಕೊಳ್ಳಬೇಡಿ. ಇವತ್ತು ಅವು ವಿನ್ಯಾಸದ ಹೆಸರುಗಳು. ಯಾವ ದೇಶದ ಯಂತ್ರದ ಮೇಲೂ ಕಾಶಾನ್ ವಿನ್ಯಾಸ ನೇಯಬಹುದು. 'ಮೇಡ್ ಇನ್' ಅಂತ ಇರುವ ಸಾಲನ್ನು ಮಾತ್ರ ದೇಶಕ್ಕೆ ಲೆಕ್ಕ ಹಿಡಿಯಿರಿ. ನಿಜವಾದ ಇರಾನಿ ಕೈಗಂಟಿನ ಕೆಲವು ಕಾರ್ಪೆಟ್‌ಗಳಲ್ಲಿ ಕಾರ್ಖಾನೆಯ ಹೆಸರನ್ನು ಅಂಚಿನ ಪಟ್ಟಿಯಲ್ಲೇ ಒಂದು ಸಣ್ಣ ಚೌಕದೊಳಗೆ ಪರ್ಷಿಯನ್ ಲಿಪಿಯಲ್ಲಿ ನೇಯ್ದಿರುತ್ತಾರೆ. ಹೊಲಿದ ಲೇಬಲ್ ಇಲ್ಲದಿದ್ದರೂ ಅದೊಂದು ಉಳಿಯುತ್ತದೆ. ಅಂಥದ್ದು ಕಂಡರೆ ನೇರವಾಗಿ ಮೇಲಿಂದ, ಹತ್ತಿರದಿಂದ ಫೋಟೋ ತೆಗೆದು ಆ ಲಿಪಿ ಬಲ್ಲವರಿಗೆ ತೋರಿಸಿ.

'ಕೈಯಿಂದ ಮಾಡಿದ್ದು' ಅನ್ನುವ ಪದ

ಈಗ ಅತ್ತಿಗೆಯ ಲೇಬಲ್‌ನ ಮೂರನೇ ಸಾಲು. ಕೈಯಿಂದ ಮಾಡಿದ್ದು ಅಂತ ಬರೆದಿದೆ. ಗಂಟು ಹಾಕಿದ್ದು ಅಂತ ಬರೆದಿಲ್ಲ. ಇಡೀ ಗೊಂದಲ ಹುಟ್ಟುವುದು ಇಲ್ಲಿಯೇ.

ಕೈಗಂಟು ಅಂದರೆ ಏನು ಅಂತ ಒಂದು ನಿಮಿಷ ಕಣ್ಣಮುಂದೆ ತಂದುಕೊಳ್ಳಿ. ಮಗ್ಗಕ್ಕೆ ಉದ್ದುದ್ದ ಹಾಸಿನ ಎಳೆ ಬಿಗಿದಿರುತ್ತಾರೆ, ಸಾಮಾನ್ಯವಾಗಿ ಹತ್ತಿಯದು. ನೇಯುವವರು ಪಕ್ಕಪಕ್ಕದ ಎರಡು ಹಾಸಿನ ಎಳೆಗೆ ಬಣ್ಣದ ಉಣ್ಣೆ ನೂಲನ್ನು ಸುತ್ತಿ, ತುದಿ ಎಳೆದು, ಕತ್ತರಿಸುತ್ತಾರೆ. ಒಂದು ಗಂಟಾಯಿತು. ಮತ್ತೆ ಪಕ್ಕದ ಜೋಡಿ ಎಳೆಗೆ ಇನ್ನೊಂದು. ಹೀಗೆ ಒಂದು ಸಾಲು ಮುಗಿದ ಮೇಲೆ ಅಡ್ಡಕ್ಕೆ ಹೊಕ್ಕಿನ ಎಳೆ ತೂರಿಸಿ, ಕಬ್ಬಿಣದ ಬಾಚಣಿಗೆಯಂಥ ಸಾಧನದಲ್ಲಿ ಕುಟ್ಟಿ ಕೂರಿಸುತ್ತಾರೆ. ಹಾಸುಹೊಕ್ಕು ಅನ್ನುತ್ತೇವಲ್ಲ, ಅದರ ನಡುವೆ ಗಂಟುಗಳು ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಅಂಟು ಬೇಕಾಗುವುದೇ ಇಲ್ಲ.

ಟಫ್ಟಿಂಗ್ ಅನ್ನುವುದು ಬೇರೆ ಕೆಲಸ. ಒಂದು ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ಮೇಲೆ ಚಿತ್ರ ಬರೆದುಕೊಂಡು, ಕೈಯಲ್ಲಿ ಹಿಡಿದ ಗನ್ನಿನಂಥ ಉಪಕರಣದಿಂದ ನೂಲನ್ನು ಬಟ್ಟೆಯೊಳಗೆ ಚುಚ್ಚುತ್ತಾ ಹೋಗುತ್ತಾರೆ. ಇಲ್ಲಿ ಗಂಟೇ ಇಲ್ಲ. ನೂಲು ಸುಮ್ನೆ ತೂತಿನಲ್ಲಿ ಕೂತಿರುತ್ತದೆ. ಎಳೆದರೆ ಕೈಗೆ ಬರುತ್ತದೆ. ಅದಕ್ಕೇ ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು, ಅದು ಕಾಣದ ಹಾಗೆ ಮೇಲೊಂದು ಬಟ್ಟೆ ಅಂಟಿಸುತ್ತಾರೆ. ಮಾಡಿದ್ದು ಕೈಯೇ. ಆದ್ದರಿಂದ 'ಹ್ಯಾಂಡ್‌ಮೇಡ್' ಅಂತ ಬರೆದರೆ ಸುಳ್ಳಲ್ಲ. ಆದರೆ ಕೈಗಂಟಿನ ಕಾರ್ಪೆಟ್ ತಿಂಗಳುಗಟ್ಟಲೆ ಹಿಡಿಯುವಾಗ ಇದು ದಿನಗಳಲ್ಲಿ ಮುಗಿಯುತ್ತದೆ. ಬಾಳಿಕೆಯೂ ಆ ಅಂಟು ಇರುವಷ್ಟು ದಿನ. ಎರಡಕ್ಕೂ ಒಂದೇ ಪದ ಬಳಸಿ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಅಂತಲೇ ನಾನು ಅಂದುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಒಂದೊಂದೇ ಗಂಟು ಹಾಕಿದವರ ಶ್ರಮವನ್ನು ಅದು ಮರೆಮಾಡುತ್ತದೆ.

ಅತ್ತಿಗೆಗೆ ಬರೆದೆ: "ಅತ್ತಿಗೆ, ಮೂಲೆ ಮಡಚಿ ಹಿಂಬದಿಯ ಫೋಟೋ ಕಳಿಸ್ತೀರಾ? ಕುಚ್ಚು ಕಾರ್ಪೆಟ್‌ಗೆ ಸೇರುವ ಜಾಗದ್ದೂ ಒಂದು ಬೇಕು. ಪಕ್ಕದಲ್ಲಿ ಸ್ಕೇಲ್ ಇಡಿ." ಹತ್ತು ನಿಮಿಷದಲ್ಲಿ ಎರಡೂ ಬಂದವು.

ಹಿಂಬದಿ ಪೂರ್ತಿ ತಿಳಿ ಹಳದಿ ಬಣ್ಣದ ಹತ್ತಿ ಬಟ್ಟೆ. ಮೇಲಿನ ಹೂವಿನ ವಿನ್ಯಾಸದ ಒಂದು ಗೆರೆಯೂ ಹಿಂದೆ ಕಾಣುತ್ತಿಲ್ಲ. ಬಟ್ಟೆಯ ಅಂಚನ್ನು ಒಳಗೆ ಮಡಚಿ ಸುತ್ತಲೂ ಹೊಲಿದಿದ್ದಾರೆ. ಕುಚ್ಚು ಅನ್ನುವುದು ಬೇರೆಯೇ ಒಂದು ಪಟ್ಟಿ, ಅದನ್ನು ತುದಿಗೆ ತಂದು ಹೊಲಿದು ಸೇರಿಸಿದ್ದಾರೆ. ಇಷ್ಟು ಸಾಕಿತ್ತು. ಆದರೂ ಒಂದು ಪ್ರಶ್ನೆ ಕೇಳಿದೆ: "ಎತ್ತಿದಾಗ ನೆಲದ ಮೇಲೆ ಪುಡಿ ಬಿದ್ದಿರುತ್ತಾ?" "ಹೌದು, ಬಿಳಿ ಮರಳಿನ ಥರ. ಎಷ್ಟು ಗುಡಿಸಿದರೂ ಬರ್ತಾನೇ ಇರುತ್ತೆ" ಅಂದರು. ಅದು ಒಣಗಿ ಉದುರುತ್ತಿರುವ ಅಂಟು. ಹಳೆಯ ಟಫ್ಟೆಡ್ ಕಾರ್ಪೆಟ್‌ಗಳಿಗೆ ಬರುವ ಕಾಯಿಲೆಯೇ ಇದು.

ಉಣ್ಣೆ ನಿಜ. ಕೈಕೆಲಸ ನಿಜ. ಗಂಟು ಮಾತ್ರ ಇಲ್ಲ.

ಯಂತ್ರದ್ದು ಹಿಂದೆಯೂ ವಿನ್ಯಾಸ ತೋರಿಸಿದಾಗ

ಹಾಗಾದರೆ ಹಿಂಬದಿಯಲ್ಲಿ ವಿನ್ಯಾಸ ಕಂಡರೆ ಕೈಗಂಟು ಅಂತಲೇ? ಅಲ್ಲ. ಟಫ್ಟೆಡ್ ಬೇರೆ ಮಾಡುವುದು ಸುಲಭ. ಕಷ್ಟ ಇರುವುದು ಯಂತ್ರದ ಮಗ್ಗದಲ್ಲಿ ನೇಯ್ದದ್ದನ್ನು ಹಿಡಿಯುವುದರಲ್ಲಿ. ಅದರ ಹಿಂಬದಿಯಲ್ಲೂ ಬಣ್ಣ, ಹೂವು, ಬಳ್ಳಿ ಎಲ್ಲವೂ ಕಾಣುತ್ತವೆ.

ಮುಖ್ಯವಾದ ವ್ಯತ್ಯಾಸ ಯಂತ್ರ ನೇಯುವ ರೀತಿಯಲ್ಲೇ ಇದೆ. ಇವತ್ತು ಬರುವ ಬಹುಪಾಲು ನೇಯ್ಗೆಯ ಕಾರ್ಪೆಟ್‌ಗಳನ್ನು ಎರಡೆರಡಾಗಿ, ಮುಖಕ್ಕೆ ಮುಖ ಕೊಟ್ಟು ನೇಯುತ್ತಾರೆ. ನಡುವೆ ಪೈಲ್ ನೂಲು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಕೊನೆಗೆ ನಡುವೆ ಒಂದು ಚಾಕು ಹಾಯ್ದು ಎರಡು ಕಾರ್ಪೆಟ್ ಬೇರೆಯಾಗುತ್ತವೆ. ಹಾಗಾಗಿ ಇಲ್ಲಿ ನೂಲು ಹಾಸಿಗೆ ಸುತ್ತಿಕೊಂಡಿರುವುದಿಲ್ಲ. ಹೊಕ್ಕಿನ ಎಳೆಯ ಕೆಳಗೆ ನುಸುಳಿ ಎರಡು ತುದಿಯೂ ಮೇಲೆ ಬಂದಿರುತ್ತವೆ, ಅಷ್ಟೇ.

ಇದನ್ನು ಕಣ್ಣಾರೆ ನೋಡಬಹುದು. ಕಾರ್ಪೆಟ್ಟನ್ನು ಮುಖ ಹೊರಗೆ ಬರುವ ಹಾಗೆ ಮಡಚಿ, ಮಡಿಕೆಯ ಮೇಲೆ ಎರಡು ಹೆಬ್ಬೆರಳಿಂದ ನೂಲನ್ನು ಬದಿಗೆ ಸರಿಸಿ, ಬುಡ ನೋಡಿ. ಕೈಗಂಟಾದರೆ ಪ್ರತಿ ನೂಲಿನ ಬುಡದಲ್ಲಿ ಅದೇ ಬಣ್ಣದ ಸಣ್ಣ ಕೊರಳಪಟ್ಟಿಯಂಥ ಸುತ್ತು ಕಾಣುತ್ತದೆ. ಅದೇ ಗಂಟು. ಯಂತ್ರದ್ದಾದರೆ ಆ ಸುತ್ತು ಇರುವುದಿಲ್ಲ, ನೂಲು ಅಡ್ಡ ಎಳೆಗಳ ನಡುವಿನಿಂದ ನೇರ ಮೇಲೆದ್ದಿರುತ್ತದೆ. ಫೋಟೋದಲ್ಲಿ ನಿರ್ಧಾರ ಮಾಡಲಾಗದ ಎಷ್ಟೋ ಪ್ರಕರಣ ಈ ಒಂದು ನೋಟದಲ್ಲಿ ಮುಗಿಯುತ್ತವೆ.

ಹಿಂಬದಿಯಲ್ಲೂ ಸುಳಿವು ಇದೆ. ಯಂತ್ರದ ಸಾಲುಗಳು ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ ನೇರ ಹೋಗುತ್ತವೆ. ಕೈಯದ್ದರಲ್ಲಿ ಸಾಲು ಅಲ್ಲಲ್ಲಿ ಸ್ವಲ್ಪ ಏರಿಳಿಯುತ್ತದೆ, ಒಂದು ಗಂಟು ದಪ್ಪ, ಒಂದು ಸಣ್ಣ. ಎರಡು ತುದಿಯ ಅಗಲ ಅಳೆದರೆ ಸ್ವಲ್ಪವಾದರೂ ವ್ಯತ್ಯಾಸ ಬರುತ್ತದೆ. ಕುಚ್ಚು ಕೂಡ ನೋಡಿ. ಕೈಗಂಟಿನಲ್ಲಿ ಕುಚ್ಚು ಅಂದರೆ ಹಾಸಿನ ಎಳೆಗಳೇ ಹೊರಗೆ ಉಳಿದದ್ದು. ಅದು ಕಾರ್ಪೆಟ್‌ನ ಬೆನ್ನೆಲುಬು, ಒಳಗಿನಿಂದಲೇ ಬಂದಿರುತ್ತದೆ. ಯಂತ್ರದ್ದಕ್ಕೆ ಬಹುತೇಕ ಹೊಲಿದಿರುತ್ತಾರೆ. ಆದರೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಹಳೆಯ ಕೈಗಂಟಿನ ಕುಚ್ಚು ಸವೆದು, ರಿಪೇರಿಯವರು ಹೊಸದನ್ನು ಹೊಲಿದಿರಬಹುದು. ಯಂತ್ರದವರೂ ತಮ್ಮ ಹಾಸಿನ ಎಳೆಯನ್ನೇ ಕುಚ್ಚಾಗಿ ಬಿಟ್ಟಿರಬಹುದು.

ಯಂತ್ರದ ಕಾರ್ಪೆಟ್‌ನ ಲೇಬಲ್‌ನಲ್ಲಿ ಒಂದು ಸಾಲು ಮತ್ತೆ ಮತ್ತೆ ಜನರನ್ನು ದಾರಿ ತಪ್ಪಿಸುತ್ತದೆ. ಚದರ ಮೀಟರ್‌ಗೆ ಹತ್ತು ಲಕ್ಷ 'ಪಾಯಿಂಟ್' ಅಂತ ಬರೆದಿರುತ್ತಾರೆ. ಕೆಲವರು ಇದನ್ನು ಗಂಟಿನ ಲೆಕ್ಕ ಅಂತಲೇ ಹೇಳಿ ಮಾರುತ್ತಾರೆ. ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷವನ್ನು ಚದರ ಇಂಚಿಗೆ ತಂದರೆ ಸುಮಾರು 645 ಆಗುತ್ತದೆ. ಉಣ್ಣೆಯಲ್ಲಿ ಅಷ್ಟು ಒತ್ತಾದ ಕೈಗಂಟು ತೀರಾ ಅಪರೂಪದ ಕೆಲಸ. ಪಾಯಿಂಟ್ ಅಂದರೆ ಯಂತ್ರ ನೂಲು ಕೂರಿಸಿದ ಜಾಗಗಳ ಎಣಿಕೆ, ಗಂಟಲ್ಲ. ಲೇಬಲ್‌ನಲ್ಲಿ ಪಾಯಿಂಟ್, ರೀಡ್, ಅಥವಾ ಪಾಲಿಪ್ರೊಪಿಲೀನ್ ಪಕ್ಕದಲ್ಲಿ 'ಹೀಟ್‌ಸೆಟ್' ಅನ್ನುವ ಪದ ಕಂಡರೆ ಅದು ಯಂತ್ರದ್ದು ಅಂತ ತಿಳಿಯಿರಿ.

ಗಂಟು ಎಣಿಸುವುದು

ಎರಡು ದಿನ ಬಿಟ್ಟು ಅತ್ತಿಗೆ ಇನ್ನೊಂದು ಕಾರ್ಪೆಟ್‌ನ ಫೋಟೋ ಕಳಿಸಿದರು. ಅವರ ಅತ್ತೆಯ ಕಾಲದ್ದು, ಲೇಬಲ್ ಬಿದ್ದುಹೋಗಿತ್ತು. ಹಿಂಬದಿಯಲ್ಲಿ ವಿನ್ಯಾಸ ಮುಂದಿನಷ್ಟೇ ಸ್ಪಷ್ಟ. ಕೆಂಪು ಬಣ್ಣ ಒಂದು ಅಡ್ಡಪಟ್ಟಿಯಿಂದ ಮುಂದಕ್ಕೆ ಸ್ವಲ್ಪ ಬೇರೆ ಛಾಯೆಗೆ ತಿರುಗಿತ್ತು. ಒಂದು ಬಾರಿ ಬಣ್ಣ ಕಟ್ಟಿದ ನೂಲು ಮುಗಿದು ಮುಂದಿನ ಬಾರಿಯದು ಶುರುವಾದ ಜಾಗ ಅದು. ಅಬ್ರಾಷ್ ಅನ್ನುತ್ತಾರೆ. ಕುಚ್ಚು ಒಳಗಿನಿಂದಲೇ ಬಂದಿತ್ತು. ಬುಡದಲ್ಲಿ ಸುತ್ತು ಕಾಣುತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ, ಕೈಗಂಟು.

ಎಣಿಸೋಣ ಅಂತ ಹೇಳಿದೆ. ಹಿಂಬದಿಯಲ್ಲಿ ಸ್ಕೇಲ್ ಇಟ್ಟು, ಒಂದು ಇಂಚಿನ ಬದಲು ಎರಡು ಇಂಚು ಎಣಿಸುವುದು ಒಳ್ಳೆಯದು, ತಪ್ಪು ಕಡಿಮೆಯಾಗುತ್ತದೆ. ಅಡ್ಡಕ್ಕೆ 40 ಉಬ್ಬು ಬಂತು, ಉದ್ದಕ್ಕೆ 24 ಸಾಲು. ಅಂದರೆ ಇಂಚಿಗೆ 20 ಮತ್ತು 12. ಗುಣಿಸಿದರೆ 240 ಅಂತ ಅತ್ತಿಗೆ ಖುಷಿಯಾದರು. ಅಲ್ಲೊಂದು ತಪ್ಪಿತ್ತು.

ಒಂದು ಗಂಟು ಎರಡು ಹಾಸಿನ ಎಳೆಗೆ ಕಟ್ಟಿರುತ್ತದೆ. ಆ ಎರಡು ಎಳೆ ಒಂದೇ ಮಟ್ಟದಲ್ಲಿದ್ದರೆ ಹಿಂಬದಿಯಲ್ಲಿ ಒಂದು ಗಂಟಿಗೆ ಎರಡು ಉಬ್ಬು ಕಾಣುತ್ತವೆ. ಒಂದು ಎಳೆ ಇನ್ನೊಂದರ ಹಿಂದೆ ಅಡಗಿದ್ದರೆ ಒಂದೇ ಉಬ್ಬು ಕಾಣುತ್ತದೆ. ಯಾವುದು ಅಂತ ತಿಳಿಯಲು ಒಂದೇ ಒಂದು ಗಂಟಿನ ಬಣ್ಣದ ಚುಕ್ಕೆ ಹುಡುಕಬೇಕು. ಹೂವಿನ ಮಧ್ಯದ ಚುಕ್ಕೆ, ಅಥವಾ ಎಲೆಯ ಸುತ್ತಲಿನ ತೆಳು ಗೆರೆ. ಅತ್ತಿಗೆ ಅಂಥದ್ದೊಂದು ಬಿಳಿ ಚುಕ್ಕೆ ಹುಡುಕಿ ಹತ್ತಿರದಿಂದ ಫೋಟೋ ತೆಗೆದರು. ಪಕ್ಕಪಕ್ಕದಲ್ಲಿ ಎರಡು ಬಿಳಿ ಉಬ್ಬು. ಇನ್ನೂ ನಾಲ್ಕು ಕಡೆ ನೋಡಿದರು, ಎಲ್ಲೂ ಒಂಟಿ ಉಬ್ಬು ಸಿಗಲಿಲ್ಲ. ಹಾಗಾದರೆ ಅಡ್ಡಕ್ಕೆ ಇಂಚಿಗೆ 20 ಅಲ್ಲ, 10. ಹತ್ತು ಹನ್ನೆರಡಲ 120. ಚದರ ಇಂಚಿಗೆ 120 ಗಂಟು. ಎಷ್ಟೋ ಕಡೆ ಗಂಟಿನ ಲೆಕ್ಕ ಎರಡರಷ್ಟಾಗಿ ಹೇಳುವುದು ಈ ತಪ್ಪಿನಿಂದಲೇ.

ಕುತೂಹಲಕ್ಕೆ ಒಂದು ಮಾತು. ಭಾರತದ ಕೈಗಂಟಿನ ಕಾರ್ಪೆಟ್‌ಗಳ ಲೇಬಲ್‌ನಲ್ಲಿ 9/54 ಅಂತ ಒಂದು ಗುರುತು ಇರುವುದುಂಟು. ಅದು ಅಳತೆಯಲ್ಲ, ಗುಣಮಟ್ಟ. 0.9 ಇಂಚಿನ ಅಗಲದಲ್ಲಿ 9 ಗಂಟು, 4.5 ಇಂಚಿನ ಉದ್ದದಲ್ಲಿ 54 ಗಂಟು. ಇಂಚಿಗೆ ತಂದರೆ 10 ಮತ್ತು 12. ಅತ್ತಿಗೆಯ ಹಳೆ ಕಾರ್ಪೆಟ್‌ನ ಎಣಿಕೆ ಸರಿಯಾಗಿ ಅಲ್ಲಿಗೇ ಬಂದಿತ್ತು. ಅದರಿಂದ ಅದು ಭಾರತದ್ದೇ ಅಂತ ಹೇಳಲಾಗದು, ಬೇರೆ ಕಡೆಯೂ ಅಷ್ಟೇ ಗಂಟು ಹಾಕುತ್ತಾರೆ. ಲೇಬಲ್ ಹೋದ ಮೇಲೆ ಯಾರು ನೇಯ್ದರು ಅನ್ನುವುದನ್ನು ಗಂಟಿನ ಎಣಿಕೆಯೊಂದೇ ಹೇಳುವುದಿಲ್ಲ.

ಕಾಲೊರಸುವ ಮ್ಯಾಟ್‌ಗಳಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಅವುಗಳಲ್ಲಿ ಗಂಟಿನ ಪ್ರಶ್ನೆಯೇ ಬಹುತೇಕ ಬರುವುದಿಲ್ಲ. ಲೇಬಲ್‌ನಲ್ಲಿ 'ಕಾಯರ್' ಅಂದರೆ ತೆಂಗಿನ ನಾರು. ಮಗುಚಿ ನೋಡಿ. ಹಿಂದೆಯೂ ನಾರಿನ ಹುರಿಯ ನೇಯ್ಗೆ ಕಂಡರೆ ಅದು ಮಗ್ಗದಲ್ಲಿ ನೇಯ್ದದ್ದು. ಹಿಂದೆ ನುಣುಪಾದ ಪ್ಲಾಸ್ಟಿಕ್ ಹಾಳೆ ಇದ್ದರೆ, ಬಿಸಿ ಪಿವಿಸಿಯೊಳಗೆ ಯಂತ್ರ ನಾರು ಚುಚ್ಚಿ ಕೂರಿಸಿದ್ದು. 'ನೂರಕ್ಕೆ ನೂರು ಕಾಯರ್' ಅನ್ನುವುದು ಅಲ್ಲೂ ಮೇಲ್ಭಾಗದ ಮಾತು. ಕಂದು ಬಣ್ಣದ ಪ್ಲಾಸ್ಟಿಕ್ ಎಳೆಯನ್ನು ನಾರು ಅಂತ ಮಾರಿದ್ದಾರೋ ಅನ್ನುವ ಅನುಮಾನ ಇದ್ದರೆ ಒಂದು ಎಳೆ ಸುಟ್ಟು ನೋಡಿ. ಕರಗಿ ಮಣಿಯಾದರೆ ತೆಂಗಿನದಲ್ಲ.

ಕೊನೆಗೆ ಅತ್ತಿಗೆ ತೊಳೆಯುವವರಿಗೆ ಎರಡು ಕಾರ್ಪೆಟ್‌ಗೂ ಬೇರೆ ಬೇರೆ ಸೂಚನೆ ಕೊಟ್ಟರು. ಲೇಬಲ್ ಇದ್ದ ಟಫ್ಟೆಡ್ ಕಾರ್ಪೆಟ್ಟನ್ನು ನೀರಲ್ಲಿ ಮುಳುಗಿಸುವುದು ಬೇಡ, ಮೇಲ್ಮೈ ಮಾತ್ರ ಒದ್ದೆ ಮಾಡಿ ಬೇಗ ಒಣಗಿಸಿ, ಯಾಕೆಂದರೆ ನೆನೆದರೆ ಅಂಟು ಇನ್ನಷ್ಟು ಬಿಡುತ್ತದೆ, ಹಿಂದಿನ ಬಟ್ಟೆ ಉಬ್ಬುತ್ತದೆ. ಹಳೆಯದಕ್ಕೆ ನೀರು ಹಾಕಬಹುದಿತ್ತು. ಆದರೆ ಅದಕ್ಕೂ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಪ್ರತಿಯೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿಯಲು ಹೇಳಿದ್ದೆ. ನೀಲಿ, ಹಸಿರು, ಬಿಳಿ ಏನೂ ಬಿಡಲಿಲ್ಲ. ಕೆಂಪು ಮಾತ್ರ, ಆ ಛಾಯೆ ಬದಲಾದ ಗೆರೆಯಿಂದ ಮುಂದಿನ ಕೆಂಪು ಮಾತ್ರ, ಬಟ್ಟೆಗೆ ನಸುಗುಲಾಬಿ ಹತ್ತಿಸಿತು. ಆ ಫೋಟೋವನ್ನೂ ಸೇರಿಸಿ ತೊಳೆಯುವವರಿಗೆ ಕಳಿಸಿದರು.